ರಾತ್ರಿ ಅಂಗಾಲು ಉರಿ: ಶುಗರ್ ಮೇಲೆ ಹಾಕುವ ಮುನ್ನ ನೋಡಬೇಕಾದದ್ದು

ಹತ್ತು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು ರಾತ್ರಿ ಅಂಗಾಲು ಉರಿಯುತ್ತದೆ ಎಂದರೆ ಮನೆಯವರ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ಮೈಯಲ್ಲಿ ಉಷ್ಣ ಜಾಸ್ತಿ ಆಗಿದೆ, ಹರಳೆಣ್ಣೆ ಹಚ್ಚಿ. ಇನ್ನೊಂದು, ಶುಗರ್ ಇದ್ದವರಿಗೆ ಇದು ಇದ್ದದ್ದೇ. ಮೊದಲನೆಯದರಿಂದ ದೊಡ್ಡ ತೊಂದರೆ ಏನಿಲ್ಲ, ಎಣ್ಣೆ ಹಚ್ಚಿದ ಕಾಲಲ್ಲಿ ಬಚ್ಚಲಿಗೆ ಹೋಗಿ ಜಾರದಿದ್ದರೆ ಸಾಕು. ಎರಡನೆಯದೇ ಹೆಚ್ಚು ಅಪಾಯ. ಏಕೆಂದರೆ ಶುಗರ್ ಇರುವವರ ಕಾಲುರಿಗೆ ಶುಗರ್ ಅಲ್ಲದೆ ಬೇರೆ ಕಾರಣವೂ ಇರಬಹುದು, ಕೆಲವು ಸಲ ಎರಡೂ ಒಟ್ಟಿಗೆ ಇರುತ್ತವೆ. ಆ ಬೇರೆ ಕಾರಣಗಳಲ್ಲಿ ಕೆಲವಕ್ಕೆ ಸರಿಯಾದ ಚಿಕಿತ್ಸೆ ಇದೆ. ಅದರಲ್ಲೂ ನಮ್ಮ ಕಡೆ ಪದೇ ಪದೇ ಸಿಗುವ, ಆದರೂ ತಪ್ಪಿಹೋಗುವ ಕಾರಣ ಬಿ12 ಕೊರತೆ. ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ.

ಮೊದಲು ಉರಿಯ ಸ್ವಭಾವ ಬರೆದಿಟ್ಟುಕೊಳ್ಳಿ

ಡಾಕ್ಟರ ಮುಂದೆ ಕೂತು "ಉರಿ ಸಾರ್" ಎಂದರೆ ಅವರಿಗೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಮೂರು ನಾಲ್ಕು ರಾತ್ರಿ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ಒಂದೇ ಕಾಲಿಗೋ, ಎರಡಕ್ಕೂನೋ? ಎಲ್ಲಿಂದ ಶುರುವಾಯಿತು, ಎಲ್ಲಿಯವರೆಗೆ ಬಂದಿದೆ? ಏನು ಮಾಡಿದರೆ ಕಡಿಮೆ ಆಗುತ್ತದೆ? ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ.

ಶುಗರ್‌ನಿಂದ ಬರುವ ನರದ ತೊಂದರೆಗೆ ಒಂದು ಕ್ರಮ ಇದೆ. ಮೈಯಲ್ಲಿ ಅತಿ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವವು. ಪೆಟ್ಟು ಮೊದಲು ಬೀಳುವುದು ಅವುಗಳ ತುದಿಗೆ. ಹಾಗಾಗಿ ಎರಡೂ ಕಾಲಿನ ಬೆರಳಲ್ಲಿ ಜುಮ್ಮು ಶುರುವಾಗುತ್ತದೆ, ಅಂಗಾಲಿಗೆ ಬರುತ್ತದೆ, ವರ್ಷಗಟ್ಟಲೆ ಸಮಯ ತಗೊಂಡು ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಹತ್ತುತ್ತದೆ. ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಶುರುವಾಗಬಹುದು. ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ, ತಣ್ಣನೆ ನೆಲದ ಮೇಲೆ ಕಾಲಿಟ್ಟರೆ ಹಿತ ಎನಿಸುತ್ತದೆ. ಹಗಲು ಕೆಲಸದ ಗದ್ದಲದಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಈ ಕ್ರಮ ತಪ್ಪಿದ್ದರೆ ಅಲ್ಲಿ ನಿಲ್ಲಿ. ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟಾಗ ನೋವು ಕಡಿಮೆ ಆದರೆ, ಅದು ನರದ್ದಲ್ಲದೆ ರಕ್ತನಾಳದ್ದಿರಬಹುದು. ಕಾಲಿಗೆ ರಕ್ತ ಸಾಲದೆ ಇದ್ದಾಗ ಮಲಗಿದರೆ ನೋವು ಏರುತ್ತದೆ, ಇಳಿಬಿಟ್ಟರೆ ರಕ್ತ ಇಳಿದು ಸಮಾಧಾನ ಆಗುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವುದು ಇದರ ಜೊತೆಗಾರ. ಬೀಡಿ, ಸಿಗರೇಟು ಸೇದುವವರಲ್ಲಿ ಇದನ್ನು ಮೊದಲು ಯೋಚಿಸಬೇಕು. ಇದಕ್ಕೆ ನರದ ಮಾತ್ರೆ ತಿನ್ನುತ್ತಾ ಕೂತರೆ ಕಾಲೇ ಹೋಗಬಹುದು.

ಎದ್ದು ಓಡಾಡಿದರೆ ಪೂರ್ತಿ ಹೋಗುತ್ತದೆ, ಮಲಗಿದ ಕೂಡಲೇ ಕಾಲು ಆಡಿಸಲೇಬೇಕು ಅನ್ನಿಸುತ್ತದೆ ಎಂದರೆ ಅದು ಇನ್ನೊಂದು ತೊಂದರೆ. ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಹೀಗಾಗುತ್ತದೆ. ಫೆರಿಟಿನ್ ಎಂಬ ರಕ್ತ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಒಂದೇ ಕಾಲಿಗೆ, ಸೊಂಟದಿಂದ ಎಳೆದ ಹಾಗೆ ಬಂದರೆ ಬೆನ್ನುಮೂಳೆ ನೋಡಿಸಬೇಕು. ಉರಿಗಿಂತ ನವೆ ಜಾಸ್ತಿ, ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದ ಹಾಗಿದ್ದರೆ ಅದು ಫಂಗಸ್. ಮುಲಾಮಿನಲ್ಲಿ ಹೋಗುತ್ತದೆ. ಸುಮ್ನೆ ಸ್ಕ್ಯಾನ್‌ಗೆ ಓಡುವ ಮುಂಚೆ ಬೆರಳು ಬಿಡಿಸಿ ನೋಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ

ಉರಿ ಇದೆ ಎಂದರೆ ನರಕ್ಕೆ ಜೀವ ಇದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಉರಿಯುವ ಕಾಲೇ ಮುಳ್ಳು ಚುಚ್ಚಿದ್ದನ್ನು ಗಮನಿಸದೆ ಹೋಗಬಹುದು. ಇದನ್ನು ತಿಳಿಯಲು ಉಪಕರಣ ಬೇಡ, ಮನೆಯ ಇನ್ನೊಬ್ಬರು ಸಾಕು.

ರೋಗಿ ಮಲಗಿ ಕಣ್ಣು ಮುಚ್ಚಲಿ. ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಕಾಲ್ಬೆರಳ ತುದಿಯನ್ನು ಹಗುರವಾಗಿ ಮುಟ್ಟಬೇಕು. ಒಂದೆರಡು ಸೆಕೆಂಡು ಅಷ್ಟೇ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಗೊತ್ತಾದ ಕೂಡಲೇ ರೋಗಿ "ಎಡ" ಅಥವಾ "ಬಲ" ಎನ್ನಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಒಟ್ಟು ಆರು ಕಡೆ ಮುಟ್ಟಿ. ಗೊತ್ತಾಗಲಿಲ್ಲ ಎಂದು ಅದೇ ಬೆರಳನ್ನು ಮತ್ತೆ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಕಡೆ ಗೊತ್ತಾಗದಿದ್ದರೆ ಸ್ಪರ್ಶ ಹೋಗಿದೆ, ಆ ಕಾಲಿಗೆ ಹುಣ್ಣಿನ ಅಪಾಯ ಇದೆ ಎಂದರ್ಥ. ಇದು ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಲ್ಲಿ ವೈದ್ಯರು ಬಳಸುವ ಪರೀಕ್ಷೆ. ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ನೈಲಾನ್ ದಾರದಂಥ ಮೊನೊಫಿಲಮೆಂಟ್ ಬಳಸುತ್ತಾರೆ, ಕಂಪನ ತಿಳಿಯಲು ಟ್ಯೂನಿಂಗ್ ಫೋರ್ಕ್ ಹಚ್ಚುತ್ತಾರೆ.

ಆರೂ ಕಡೆ ಗೊತ್ತಾದರೂ ನರ ಸರಿ ಇದೆ ಎಂದಲ್ಲ. ಉರಿ ಮತ್ತು ಬಿಸಿ ತಣ್ಣಗಿನ ಸುದ್ದಿ ಒಯ್ಯುವ ಸಣ್ಣ ನರಗಳು ಬೇರೆ, ಮುಟ್ಟಿದ್ದನ್ನು ತಿಳಿಸುವ ದಪ್ಪ ನರಗಳು ಬೇರೆ. ಹಾಗಾಗಿಯೇ ಕೆಲವರಿಗೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ನರ ಪರೀಕ್ಷೆ "ನಾರ್ಮಲ್" ಎಂದು ಬರುತ್ತದೆ, ಉರಿ ಮಾತ್ರ ಹಾಗೇ ಇರುತ್ತದೆ. ಆ ಯಂತ್ರ ನೋಡುವುದು ದಪ್ಪ ನರಗಳನ್ನು. ಅಂಥ ರಿಪೋರ್ಟ್ ನೋಡಿ "ನಿಮಗೇನೂ ಆಗಿಲ್ಲ, ಮನಸ್ಸಿನದ್ದು" ಎಂದರೆ ಒಪ್ಪಬೇಡಿ.

ಒಂದು ಉದಾಹರಣೆ: ನಿವೃತ್ತ ಮೇಷ್ಟ್ರ ಕಾಲುರಿ

ನೈಜ ರೋಗಿಗಳಲ್ಲಿ ಕಾಣುವಂಥದ್ದನ್ನೇ ಸೇರಿಸಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. 62 ವರ್ಷದ ನಿವೃತ್ತ ಮೇಷ್ಟ್ರು. ಶುಗರ್ 16 ವರ್ಷದಿಂದ ಇದೆ. ಮೆಟ್‌ಫಾರ್ಮಿನ್ ದಿನಕ್ಕೆ 2 ಗ್ರಾಂ, ಅಷ್ಟೂ ವರ್ಷದಿಂದ. ಹೊಟ್ಟೆ ಉರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅದೂ ಐದಾರು ವರ್ಷದಿಂದ. ಶುದ್ಧ ಸಸ್ಯಾಹಾರಿ. ಎಂಟು ತಿಂಗಳಿಂದ ಅಂಗಾಲು ಉರಿ. ಮೂರು ತಿಂಗಳ ಶುಗರ್ ಸರಾಸರಿ, ಅಂದರೆ HbA1c, 7.3.

ಕೇಳಿದರೆ ಶುಗರ್ ನರದ ತೊಂದರೆ ಎಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಇನ್ನೆರಡು ಮಾತು ಕೇಳಿ. ಕಾಲಿನ ಜುಮ್ಮು ಪಾದದಲ್ಲೇ ಇದೆ, ಮೇಲೆ ಹತ್ತಿಲ್ಲ. ಆದರೂ ಕೈಬೆರಳಲ್ಲೂ ಹೆಚ್ಚು ಕಡಿಮೆ ಅದೇ ಸಮಯಕ್ಕೆ ಶುರುವಾಗಿದೆ. ಅಂಗಿಯ ಗುಂಡಿ ಹಾಕಲು ತಡವರಿಸುತ್ತಾರೆ. ಇನ್ನೊಂದು, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲಿದ ಹಾಗಾಗಿ ಗೋಡೆ ಹಿಡಿದುಕೊಳ್ಳುತ್ತಾರೆ. ಹೆಂಡತಿ ಅದನ್ನು ಬಿಪಿ ಎಂದುಕೊಂಡಿದ್ದರು.

ಈ ಸೋಪಿನ ವಿಷಯವೇ ದೊಡ್ಡ ಸುಳಿವು. ಕಾಲು ಎಲ್ಲಿದೆ, ನೆಲ ಹೇಗಿದೆ ಎಂಬ ಸುದ್ದಿ ನರಗಳ ಮೂಲಕ, ಬೆನ್ನುಹುರಿಯ ಹಿಂಭಾಗದ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ. ಆ ಸುದ್ದಿ ತಲುಪದಿದ್ದರೆ ಕಣ್ಣಿನ ಸಹಾಯದಿಂದ ನಿಂತಿರುತ್ತೇವೆ. ಕಣ್ಣು ಮುಚ್ಚಿದರೆ ಆಧಾರ ತಪ್ಪುತ್ತದೆ. ಬಿ12 ಕೊರತೆ ಕಾಲಿನ ನರವನ್ನಷ್ಟೇ ಅಲ್ಲ, ಬೆನ್ನುಹುರಿಯ ಆ ದಾರಿಯನ್ನೂ ಹಾಳು ಮಾಡುತ್ತದೆ. ಬಹಳ ಮುಂದುವರಿದ ಶುಗರ್ ನರದ ತೊಂದರೆಯಲ್ಲೂ ಹೀಗೆ ವಾಲುತ್ತಾರೆ ನಿಜ. ಆದರೆ ಪಾದದಾಚೆ ಜುಮ್ಮು ಬಂದೇ ಇಲ್ಲ, ಇಷ್ಟು ಬೇಗ ತೂಕ ತಪ್ಪುತ್ತಿದೆ ಎಂದರೆ ಬಿ12 ನೋಡಲೇಬೇಕು.

ಮೇಷ್ಟ್ರಿಗೆ ಕೊರತೆ ಬರಲು ಮೂರು ದಾರಿ ಇದ್ದವು. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ. ಸೊಪ್ಪು, ರಾಗಿ, ಕಾಳು ಎಷ್ಟೇ ತಿಂದರೂ ಅದರಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ. ದಿನಕ್ಕೆ ಎರಡು ಮೂರು ಸಲ ಅರ್ಧ ಲೋಟ ಕಾಫಿಗೆ ಬೀಳುವ ಹಾಲು, ಊಟದ ಕೊನೆಗೆ ನೀರು ಮಜ್ಜಿಗೆ, ಇಷ್ಟು ಸಾಲದು. ಎರಡನೆಯದು ಮೆಟ್‌ಫಾರ್ಮಿನ್. ಅದು ಕರುಳಿನ ಕೊನೆಯ ಭಾಗದಲ್ಲಿ ಬಿ12 ಒಳಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಡೋಸ್ ಜಾಸ್ತಿ ಇದ್ದಷ್ಟೂ, ವರ್ಷ ಜಾಸ್ತಿ ಆದಷ್ಟೂ ಸಾಧ್ಯತೆ ಏರುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದೇ ಕಾರಣಕ್ಕೆ, ಲಕ್ಷಣ ಕಂಡವರಲ್ಲಿ ಬಿ12 ಪರೀಕ್ಷಿಸಿ ಎಂದು ವೈದ್ಯರಿಗೆ ಸೂಚನೆ ಕೊಟ್ಟಿತು. ಮೂರನೆಯದು ಪ್ಯಾಂಟೊಪ್ರಜೋಲ್ ಎಂಬ ಆ ಗ್ಯಾಸಿನ ಮಾತ್ರೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಆ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಲಿವರ್‌ನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ಬಿ12 ಕೂಡಿಟ್ಟಿರುತ್ತದೆ. ಅದು ಕರಗುವ ತನಕ ಏನೂ ಗೊತ್ತಾಗುವುದಿಲ್ಲ.

ಯಾವ ರಕ್ತ ಪರೀಕ್ಷೆ, ಯಾವಾಗ

ಪರೀಕ್ಷೆಯ ಪಟ್ಟಿ ಉದ್ದ ಇರಬೇಕಿಲ್ಲ. ಬಿ12, ಸಂಪೂರ್ಣ ರಕ್ತ ಎಣಿಕೆ (CBC), HbA1c, ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯ್ಡ್‌ಗೆ TSH. ಇವುಗಳಿಂದ ಬಹುಪಾಲು ಚಿತ್ರ ಸಿಗುತ್ತದೆ. ಕಿಡ್ನಿ ತೊಂದರೆ, ಥೈರಾಯ್ಡ್ ಕಡಿಮೆ ಇರುವುದು ಎರಡೂ ನರಕ್ಕೆ ಪೆಟ್ಟು ಕೊಡುತ್ತವೆ. ಕ್ರಿಯಾಟಿನಿನ್ ಇನ್ನೊಂದು ಕಾರಣಕ್ಕೂ ಬೇಕು, ನರನೋವಿನ ಕೆಲವು ಮಾತ್ರೆಗಳ ಡೋಸನ್ನು ಅದು ನೋಡಿಯೇ ನಿರ್ಧರಿಸಬೇಕು.

ಇಲ್ಲಿ ಆಗುವ ಸಾಮಾನ್ಯ ಎಡವಟ್ಟು ಒಂದಿದೆ. ಮೆಡಿಕಲ್ ಶಾಪಿನಲ್ಲಿ "ನರದ ಮಾತ್ರೆ ಕೊಡಿ" ಎಂದರೆ ಸಿಗುವ ಬಹಳಷ್ಟು ಮಾತ್ರೆಗಳಲ್ಲಿ ಮೀಥೈಲ್‌ಕೋಬಾಲಮಿನ್ ಸೇರಿರುತ್ತದೆ. ಅದು ಬಿ12ನದ್ದೇ ಒಂದು ರೂಪ. ಹದಿನೈದು ದಿನ ಅದನ್ನು ತಿಂದು ಆಮೇಲೆ ರಕ್ತ ಕೊಟ್ಟರೆ ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿರುತ್ತದೆ. ಕೊರತೆ ಇತ್ತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆ ಮುಗಿದ ಮೇಲೆ ನಿಲ್ಲಿಸುತ್ತಾರೆ, ಉರಿ ಮತ್ತೆ ಬರುತ್ತದೆ. ಅದಕ್ಕೇ ರಕ್ತ ಮೊದಲು, ಮಾತ್ರೆ ಆಮೇಲೆ. ಈಗಾಗಲೇ ತಿನ್ನುತ್ತಿದ್ದರೆ ಆ ಪಟ್ಟಿಯನ್ನೇ ಡಾಕ್ಟರಿಗೆ ತೋರಿಸಿ.

ಮೇಷ್ಟ್ರ ಬಿ12 ಬಂದದ್ದು 140. ಸಾಮಾನ್ಯವಾಗಿ ಲ್ಯಾಬುಗಳಲ್ಲಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಇದ್ದರೆ ಅನುಮಾನ. ರಿಪೋರ್ಟಿನಲ್ಲಿ ದಪ್ಪ ಅಕ್ಷರ ಇಲ್ಲ ಎಂದು ಅದನ್ನು ಬಿಟ್ಟುಬಿಡಬೇಡಿ. ನರದ ಲಕ್ಷಣ ಇದ್ದು ಅಂಕಿ ಈ ನಡುವಿನಲ್ಲಿದ್ದರೆ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆ್ಯಸಿಡ್ ನೋಡಬಹುದು. ಕಿಡ್ನಿ ಸರಿಯಿಲ್ಲದವರಲ್ಲಿ ಇವೆರಡೂ ಸುಮ್ಮನೆ ಏರಿರುತ್ತವೆ ಎಂಬುದು ನೆನಪಿರಲಿ. ದುಬಾರಿ ಅನ್ನಿಸಿದರೆ ಬಹಳ ವೈದ್ಯರು ನೇರವಾಗಿ ಬಿ12 ಕೊಟ್ಟು ನೋಡುತ್ತಾರೆ. ಅದೂ ಸರಿಯಾದ ದಾರಿಯೇ.

ಅವರ ಹಿಮೋಗ್ಲೋಬಿನ್ 11.4, ಕೆಂಪು ಕಣದ ಗಾತ್ರ ಹೇಳುವ MCV 103. ಗಾತ್ರ ದೊಡ್ಡದಾಗಿದೆ, ಬಿ12 ಕೊರತೆಗೆ ಹೊಂದುತ್ತದೆ. ಆದರೆ ರಕ್ತ ಸರಿ ಇದ್ದ ಮಾತ್ರಕ್ಕೆ ಬಿ12 ಸರಿ ಎನ್ನುವ ಹಾಗಿಲ್ಲ. ನರದ ತೊಂದರೆ ರಕ್ತಹೀನತೆಗಿಂತ ಮುಂಚೆಯೇ ಬರಬಹುದು. ಕಬ್ಬಿಣವೂ ಕಡಿಮೆ ಇದ್ದರೆ ಕಣ ಚಿಕ್ಕದಾಗಲು ನೋಡುತ್ತದೆ, ಎರಡೂ ಸೇರಿ MCV ನಾರ್ಮಲ್ ಆಗಿ ಕಾಣುತ್ತದೆ. ನಮ್ಮ ಹೆಂಗಸರಲ್ಲಿ ಇದು ಬಹಳ.

ಚಿಕಿತ್ಸೆ ಶುರು ಮಾಡಿದ ಮೇಲೆ

ಮೇಷ್ಟ್ರಿಗೆ ನರದ ಲಕ್ಷಣ ಇದ್ದ ಕಾರಣ ಇಂಜೆಕ್ಷನ್‌ನಿಂದ ಶುರು. ಒಂದು ಸಲಕ್ಕೆ 1000 ಮೈಕ್ರೋಗ್ರಾಂ, ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ನಂತರ ತಿಂಗಳಿಗೊಂದು. ಇಂಥ ಕ್ರಮಗಳು ವೈದ್ಯರಿಂದ ವೈದ್ಯರಿಗೆ ಸ್ವಲ್ಪ ಬೇರೆ ಇರುತ್ತವೆ. ಕೊರತೆ ಸೌಮ್ಯ ಇದ್ದರೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೂ ಕೆಲಸ ಮಾಡುತ್ತದೆ. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ. ಒಳ್ಳೆಯ ಮಾತ್ರೆ ಅದು, ಬಿ12 ಸೇರಿಸಿ ಕೊಟ್ಟರೆ ಮುಗಿಯಿತು. ಗ್ಯಾಸಿನ ಮಾತ್ರೆ ಇನ್ನೂ ಬೇಕೇ ಎಂದು ಮಾತ್ರ ಕೇಳಿದರು. ಬೇಕಿರಲಿಲ್ಲ, ಕ್ರಮೇಣ ಬಿಡಿಸಿದರು.

ಫೋಲಿಕ್ ಆ್ಯಸಿಡ್ ಒಂದನ್ನೇ ಕೊಟ್ಟು ಬಿ12 ಬಿಡುವುದು ತಪ್ಪು. ರಕ್ತ ಸುಧಾರಿಸಿದ ಹಾಗೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತಾ ಹೋಗುತ್ತದೆ. ಬಿ6 ಇರುವ ವಿಟಮಿನ್ ಮಾತ್ರೆಗಳ ಬಗ್ಗೆಯೂ ಹುಷಾರು. ದಿನಕ್ಕೆ 100 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ತಿಂದರೆ ಬಿ6 ತಾನೇ ನರಕ್ಕೆ ಕೇಡು. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ತಿನ್ನುವವರು ಸ್ಟ್ರಿಪ್ ಹಿಂದೆ ಬರೆದ ಪೈರಿಡಾಕ್ಸಿನ್ ಪ್ರಮಾಣವನ್ನು ಕೂಡಿಸಿ ನೋಡಿ.

ಫಲಿತಾಂಶ ಬೇಗ ಬರುವುದಿಲ್ಲ. ಮೊದಲು ಸುಸ್ತು ಹೋಗುತ್ತದೆ. ನರಕ್ಕೆ ಮೂರರಿಂದ ಆರು ತಿಂಗಳು ಬೇಕು. ಮೇಷ್ಟ್ರಿಗೆ ನಾಲ್ಕನೇ ತಿಂಗಳಲ್ಲಿ ಗುಂಡಿ ಹಾಕುವುದು ಸುಲಭವಾಯಿತು, ಸೋಪು ಹಚ್ಚಿದಾಗ ವಾಲುವುದು ನಿಂತಿತು. ಆದರೆ ಪಾದದ ಉರಿ ಅರ್ಧ ಮಾತ್ರ ಇಳಿಯಿತು. ಉಳಿದರ್ಧ ಶುಗರ್‌ನದ್ದು. ಎರಡು ಕಾರಣ ಒಟ್ಟಿಗೆ ಇದ್ದಾಗ ಹೀಗೇ ಆಗುತ್ತದೆ. ಬಿ12 ಕೊರತೆ ಬಹಳ ಕಾಲ ಹಾಗೇ ಬಿಟ್ಟಿದ್ದರೂ ಪೂರ್ತಿ ವಾಪಸ್ ಬರುವುದಿಲ್ಲ.

ಉಳಿದ ಉರಿಗೆ ನೋವಿನ ಚಿಕಿತ್ಸೆ. ಸಾಮಾನ್ಯ ನೋವಿನ ಮಾತ್ರೆಗಳು ಇಲ್ಲಿ ಪ್ರಯೋಜನವಿಲ್ಲ, ಕಿಡ್ನಿಗೆ ಕೆಟ್ಟದ್ದು. ಪ್ರಿಗಾಬಲಿನ್, ಗ್ಯಾಬಾಪೆಂಟಿನ್, ಡ್ಯುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವು ಬಳಸುವ ಮಾತ್ರೆಗಳು. ಎಲ್ಲವೂ ಚೀಟಿಯ ಮೇಲೆ ಕೊಡಬೇಕಾದವು. ಪ್ರಿಗಾಬಲಿನ್ ರಾತ್ರಿ 50 ಅಥವಾ 75 ಮಿಲಿಗ್ರಾಂನಿಂದ ಶುರು ಮಾಡಿ ಏರಿಸುತ್ತಾರೆ. ಮಂಪರು, ತಲೆಸುತ್ತು, ಪಾದ ಊದಿಕೊಳ್ಳುವುದು, ತೂಕ ಏರುವುದು ಆಗಬಹುದು. ವಯಸ್ಸಾದವರು ನಡುರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವ ಭಯ ಇರುವುದರಿಂದ ದಾರಿಗೆ ಚಿಕ್ಕ ದೀಪ ಇರಲಿ. ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆಯೂ ಬರುತ್ತದೆ. ಆದರೆ ಹೃದಯದ ತೊಂದರೆ, ಪ್ರಾಸ್ಟೇಟ್, ಗ್ಲಾಕೋಮಾ ಇರುವವರಿಗೆ ಆಗಿಬರುವುದಿಲ್ಲ. ಯಾವುದೇ ಮಾತ್ರೆಗೂ ಸರಿಯಾದ ಡೋಸಿನಲ್ಲಿ ನಾಲ್ಕೈದು ವಾರ ಸಮಯ ಕೊಡಬೇಕು. ನೋವು ಅರ್ಧ ಇಳಿದರೆ ಅದು ಒಳ್ಳೆಯ ಫಲಿತಾಂಶ. ಪೂರ್ತಿ ಹೋಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಉರಿ ಕಡಿಮೆ ಆಯಿತು ಎಂದು ಒಮ್ಮೆಗೇ ನಿಲ್ಲಿಸಲೂಬೇಡಿ, ನಿಧಾನವಾಗಿ ಇಳಿಸಬೇಕು.

ಶುಗರ್ ಬೇಗ ಇಳಿಸಿದಾಗ ಬರುವ ಉರಿ

ಇದು ಕೇಳಲು ವಿಚಿತ್ರ ಅನ್ನಿಸುತ್ತದೆ. ವರ್ಷಗಟ್ಟಲೆ HbA1c 12, 13 ಇದ್ದವರು ಇನ್ಸುಲಿನ್ ಹಾಕಿಸಿಕೊಂಡು, ಅನ್ನ ಬಿಟ್ಟು, ಮೂರೇ ತಿಂಗಳಲ್ಲಿ 7ಕ್ಕೆ ತಂದುಬಿಡುತ್ತಾರೆ. ಎಲ್ಲರೂ ಶಭಾಷ್ ಎನ್ನುವ ಹೊತ್ತಿಗೆ ಕಾಲು ಭಯಂಕರ ಉರಿಯಲು ಶುರುವಾಗುತ್ತದೆ. ಮೂರು ತಿಂಗಳಲ್ಲಿ HbA1c ಎರಡು ಅಂಕಕ್ಕಿಂತ ಜಾಸ್ತಿ ಇಳಿದಾಗ ಹೀಗಾಗುವ ಸಾಧ್ಯತೆ ಇದೆ. ಶುಗರ್ ಇಳಿದ ಕೆಲವೇ ವಾರದಲ್ಲಿ ಬರುತ್ತದೆ. ಇನ್ಸುಲಿನ್ನೇ ಆಗಿಬರಲಿಲ್ಲ ಎಂದು ಬಿಟ್ಟುಬಿಡುವವರು ಇದ್ದಾರೆ. ಬಿಡಬೇಡಿ. ಇದು ತಿಂಗಳುಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ನೋವಿನ ಚಿಕಿತ್ಸೆ ಬೇಕು. ಕಣ್ಣಿನ ರೆಟಿನಾವನ್ನೂ ಅದೇ ಹೊತ್ತಿಗೆ ತೋರಿಸಿ, ವೇಗವಾಗಿ ಇಳಿದಾಗ ಅಲ್ಲೂ ತೊಂದರೆ ಹೆಚ್ಚಬಹುದು.

ಡಾಕ್ಟರಿಗೆ ತಾವಾಗಿಯೇ ಹೇಳಬೇಕಾದ ಇನ್ನೆರಡು ವಿಷಯ ಇವೆ, ಅವರು ಕೇಳಲಿ ಬಿಡಲಿ. ಕುಡಿಯುವ ಅಭ್ಯಾಸ ಇದ್ದರೆ ಎಷ್ಟು ಎಂದು ನಿಜ ಹೇಳಿ, ಮದ್ಯವೂ ಇದೇ ರೀತಿ ಕಾಲುರಿ ತರುತ್ತದೆ. ಟಿಬಿ ಮಾತ್ರೆ ಅಥವಾ ಕ್ಯಾನ್ಸರ್‌ಗೆ ಕೀಮೋ ತಗೊಂಡಿದ್ದರೆ ಅದನ್ನೂ ಹೇಳಿ. ಟಿಬಿಯ ಐಸೊನಿಯಾಜಿಡ್ ಬಿ6 ಕಡಿಮೆ ಮಾಡಿ ನರಕ್ಕೆ ತೊಂದರೆ ಕೊಡುತ್ತದೆ, ಅಲ್ಲಿ ಮಾತ್ರ ಬಿ6 ಬೇಕೇ ಬೇಕು. ಮೈಮೇಲೆ ಸ್ಪರ್ಶವಿಲ್ಲದ ತೆಳು ಬಣ್ಣದ ಮಚ್ಚೆ ಇದ್ದರೆ ತೋರಿಸಿ. ಕುಷ್ಠ ನಮ್ಮಲ್ಲಿ ಇನ್ನೂ ಇದೆ, ಅದಕ್ಕೆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಅಲ್ಲಿಯವರೆಗೆ ಕಾಲನ್ನು ಕಾಯುವುದು

ಉರಿಗೆ ಬಿಸಿನೀರಲ್ಲಿ ಕಾಲಿಡುವುದು, ಬಿಸಿನೀರಿನ ಚೀಲ ಇಡುವುದು ಬೇಡವೇ ಬೇಡ. ಸ್ಪರ್ಶ ಹೋದ ಕಾಲಿಗೆ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ, ಬೊಬ್ಬೆ ಬಂದ ಮೇಲೆ ಕಣ್ಣಿಗೆ ಕಾಣುತ್ತದೆ. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ. ನೇರ ಮಂಜುಗಡ್ಡೆಯೂ ಬೇಡ, ತಣ್ಣೀರು ಬಟ್ಟೆ ಸಾಕು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಬೆಂದು ಬರುವವರು ಇದ್ದಾರೆ. ದರ್ಶನ ಬೆಳಿಗ್ಗೆಯೇ ಮುಗಿಸಿ, ಅಥವಾ ದಪ್ಪ ಕಾಲುಚೀಲ ಹಾಕಿಕೊಳ್ಳಿ. ರಾತ್ರಿ ಮಲಗುವ ಮುನ್ನ ಕನ್ನಡಿ ಇಟ್ಟು ಅಂಗಾಲು ನೋಡಿ, ಬಗ್ಗಲು ಆಗದಿದ್ದರೆ ಮನೆಯವರು ನೋಡಲಿ.

ಕೆಲವಕ್ಕೆ ಕಾಯುವ ಹಾಗಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆರಳು ಕಪ್ಪಾದರೆ, ಕಾಲು ತಣ್ಣಗೆ ಬಿಳಿಚಿದರೆ, ಹುಣ್ಣು ಕಂಡರೆ. ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿದ್ದು ನೋವು ಕಡಿಮೆ ಇದ್ದರೂ ಹೋಗಿ, ಒಳಗೆ ಮೂಳೆ ಕುಸಿಯುತ್ತಿರಬಹುದು. ಅಂಥ ಪಾದದ ಮೇಲೆ ಭಾರ ಹಾಕಬೇಡಿ. ಕಾಲಲ್ಲಿ ಬಲ ಇಲ್ಲದಾಗುವುದು ದಿನದಿಂದ ದಿನಕ್ಕೆ ಮೇಲೇರಿದರೆ, ಅಥವಾ ಮೂತ್ರ ಕಟ್ಟಿಕೊಂಡರೆ ಅದನ್ನು ಶುಗರ್ ನರದ ತೊಂದರೆ ಎಂದು ಬಿಟ್ಟುಬಿಡಬೇಡಿ, ತಡಮಾಡದೆ ನರರೋಗ ವೈದ್ಯರಿಗೆ ತೋರಿಸಬೇಕು.